ಹೇಳಲು ಬಾರದ ಹೆಸರನ್ನು ಯಾರೂ ಕೇಳುವುದಿಲ್ಲ: ಒಂದು ಕಾಫಿ ತೋಟದ ಪ್ರಕರಣ

ಈ ಪ್ರಕರಣ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ್ದು. ಆ ಕುಟುಂಬಕ್ಕೆ ರಫ್ತಿನ ಕಾಗದಪತ್ರಗಳಲ್ಲಿ ನಾನು ನೆರವಾಗುತ್ತೇನೆ. ಅವರು ಕೇಳಿಕೊಂಡಂತೆ ಊರು, ಮನೆತನ, ಕೊಂಡವರು ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಪರೀಕ್ಷೆಗೆ ಒಳಗಾದ ಹೆಸರುಗಳನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಅವೆಲ್ಲ ಮಲೆನಾಡಿನ ಮನೆಮನೆಯ ಮಾತುಗಳಾದ್ದರಿಂದ ಅವುಗಳಿಂದ ಯಾರ ಗುರುತೂ ಹತ್ತದು. ಅವನ್ನು ಬದಲಾಯಿಸಿದರೆ ಈ ಪ್ರಕರಣದಲ್ಲಿ ಹೇಳುವಂಥದ್ದೇನೂ ಉಳಿಯುವುದಿಲ್ಲ.

ಹಿನ್ನೆಲೆ

ಮೂರು ತಲೆಮಾರಿನಿಂದ ಈ ಮನೆಯವರು ಅರೇಬಿಕಾ ಬೆಳೆಯುತ್ತಿದ್ದಾರೆ. ಬೆಳೆದ ಪಾರ್ಚ್‌ಮೆಂಟನ್ನು, ಎಂದರೆ ತೆಳು ಹೊಟ್ಟಿನೊಡನೆಯೇ ಒಣಗಿದ ಬೀಜವನ್ನು, ಆ ಹೊಟ್ಟು ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿ, ಅಂದಿನ ದರಕ್ಕೆ ಕೊಟ್ಟು ಬರುವುದೇ ಬಹುಕಾಲದ ರೂಢಿಯಾಗಿತ್ತು. ಚೀಲ ತೋಟದಿಂದ ಹೊರಟ ಮೇಲೆ ಅದರ ಮೇಲೆ ಅವರ ಗುರುತೇನೂ ಇರುತ್ತಿರಲಿಲ್ಲ. ಯಜಮಾನರ ಮಗಳು ಓದು ಮುಗಿಸಿ ಊರಿಗೆ ಮರಳಿದ ಮೇಲೆ ಹಣ್ಣನ್ನು ಆರಿಸಿ ಕೀಳಿಸುವುದು, ಒಂದೊಂದು ಪಟ್ಟೆಯ ಕಾಫಿಯನ್ನು ಬೇರೆಬೇರೆಯಾಗಿ ಎತ್ತರದ ಜಾಲರಿ ಮಂಚಗಳ ಮೇಲೆ ಒಣಗಿಸುವುದು ಶುರುವಾಯಿತು. ಬೀಜ ಹುರಿದು ಮಾರುವ ಹೊರದೇಶದ ಸಣ್ಣ ರೋಸ್ಟರುಗಳು ಇಂಥ ಚಿಕ್ಕ ಲಾಟುಗಳನ್ನು ನೇರವಾಗಿ ಕೊಳ್ಳುತ್ತಾರೆ. ಮುನ್ನೂರು ನಾನ್ನೂರು ಗ್ರಾಂ ಹಸಿ ಬೀಜದ ಮಾದರಿಯನ್ನು ತರಿಸಿಕೊಂಡು, ಹುರಿದು, ರುಚಿ ನೋಡಿ, ಹಿಡಿಸಿದರೆ ಅರವತ್ತು ಕಿಲೋ ಚೀಲಗಳ ಲೆಕ್ಕದಲ್ಲಿ ತರಿಸಿಕೊಳ್ಳುತ್ತಾರೆ.

ಆ ಕಾಫಿಗೆ ಒಂದು ಹೆಸರು ಬೇಕಿತ್ತು. ಹೆಸರು ಇಟ್ಟವರು ಯಜಮಾನರೇ: ‘ಹೂಮಳೆ’. ತೋಟದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬರುವ ಆ ಒಂದು ಹದಮಳೆ ಬಿದ್ದು ವಾರ, ಹತ್ತು ದಿನಗಳಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಅದು ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು, ನೀರಿಲ್ಲದವರು ಆ ವರ್ಷದ ಬೆಳೆಯ ಆಸೆ ಬಿಡಬೇಕು. ಒಂದು ಕಾಫಿಗೆ ಇದಕ್ಕಿಂತ ಒಪ್ಪುವ ಹೆಸರು ಕನ್ನಡದಲ್ಲಿ ಇದ್ದೀತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ರೋಮನ್ ಲಿಪಿಯಲ್ಲಿ ಅದನ್ನು Hoomale ಎಂದು ಬರೆದರು. ಮಾದರಿ ಪೊಟ್ಟಣಗಳಿಗೆ ಚೀಟಿ ಅಚ್ಚಾಯಿತು, ಚೀಲಗಳಿಗೆ ಕೊರೆಯಚ್ಚು ಸಿದ್ಧವಾಯಿತು.

ತೊಂದರೆ ಕಂಡ ಬಗೆ

ಮೊದಲ ಸುಗ್ಗಿಯಲ್ಲಿ ಜರ್ಮನಿ, ಇಟಲಿ, ಜಪಾನ್, ಇಂಗ್ಲೆಂಡುಗಳಿಗೆ ಮಾದರಿ ಹೋಯಿತು. ರುಚಿಯ ಬಗ್ಗೆ ಒಳ್ಳೆಯ ಮಾತು ಬಂತು, ಕೆಲವರು ಕೊಂಡರು. ಯಾರೂ ಹೆಸರಿನ ಬಗ್ಗೆ ದೂರಲಿಲ್ಲ. ಹಾಗಾಗಿ ತೊಂದರೆಯಿದೆ ಎಂದು ನಮಗೆ ತೋರಲೇ ಇಲ್ಲ.

ಎರಡನೆಯ ಸುಗ್ಗಿಯ ಹೊತ್ತಿಗೆ ನಾನು ಹಳೆಯ ಮಿಂಚಂಚೆಗಳನ್ನು ಒಂದು ಬೇರೆ ಕಾರಣಕ್ಕೆ, ಇನ್‌ವಾಯ್ಸ್‌ನ ಒಂದು ತೂಕದ ಲೆಕ್ಕ ಹುಡುಕಲು, ಮೊದಲಿನಿಂದ ಓದುತ್ತಿದ್ದೆ. ಒಂದು ಸಂಗತಿ ಕಣ್ಣಿಗೆ ಬಿತ್ತು. ಕೊಂಡವರು ಬರೆದ ಯಾವ ಪತ್ರದಲ್ಲೂ ‘ಹೂಮಳೆ’ ಇರಲಿಲ್ಲ. ‘ನಿಮ್ಮ ಭಾರತದ ಕಾಫಿ’, ‘ಮೂರನೆಯ ಲಾಟು’, ‘ಕಳೆದ ಸಲ ಕಳಿಸಿದ್ದು’, ‘ಹಸಿರು ಚೀಟಿಯ ಕಾಫಿ’ ಎಂದೆಲ್ಲ ಬರೆದಿದ್ದರು. ಹೆಸರನ್ನು ತಪ್ಪಾಗಿ ಬರೆದವರೂ ಇರಲಿಲ್ಲ. ಅದನ್ನು ಬಳಸಿಯೇ ಇರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇದೇ. ಉಚ್ಚಾರಣೆ ಕಷ್ಟವಾದರೆ ಜನ ತಪ್ಪಾಗಿ ಉಚ್ಚರಿಸುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ತಪ್ಪಾಗಿ ಉಚ್ಚರಿಸಿದರೆ ಅಷ್ಟು ನಷ್ಟವಿಲ್ಲ. ಎಲ್ಲರೂ ಒಂದೇ ರೀತಿ ತಪ್ಪಿದರೆ ಆ ತಪ್ಪೇ ಅವರೂರಿನಲ್ಲಿ ಹೆಸರಾಗಿ ನಿಲ್ಲುತ್ತದೆ. ಆದರೆ ಹೇಗೆ ಹೇಳುವುದೆಂದು ತಿಳಿಯದವರು ಸಾಮಾನ್ಯವಾಗಿ ತಪ್ಪು ಹೇಳಿ ನಾಚಿಕೊಳ್ಳಲು ಇಷ್ಟಪಡುವುದಿಲ್ಲ, ಹೆಸರನ್ನು ಸುತ್ತಿಕೊಂಡು ಹೋಗುತ್ತಾರೆ. ರೋಸ್ಟರು ತನ್ನ ಅಂಗಡಿಯ ಹುಡುಗನಿಗೆ ಹೇಳುವಾಗ, ಆ ಹುಡುಗ ಗಿರಾಕಿಗೆ ಹೇಳುವಾಗ ‘ಭಾರತದ್ದೊಂದು ಇದೆ’ ಎಂದಾಗುತ್ತದೆ. ಲಾಟಿನ ಸಂಖ್ಯೆ ಚೀಲದ ಮೇಲೆ ಇದ್ದೇ ಇರುವುದರಿಂದ ವ್ಯವಹಾರ ನಿಲ್ಲುವುದಿಲ್ಲ. ಆದ್ದರಿಂದಲೇ ನಷ್ಟ ಗೊತ್ತಾಗುವುದೂ ಇಲ್ಲ. ಮುಂದಿನ ವರ್ಷ ಪಕ್ಕದ ತೋಟದ ಕಾಫಿ ಹೋದರೂ ಅದು ‘ಭಾರತದ್ದೊಂದು’ ಆಗಿಯೇ ಹೋಗುತ್ತದೆ.

ಮೊದಲ ಪರೀಕ್ಷೆ, ಅದರ ತಪ್ಪು

ಮಗಳು ಫ್ರಾಂಕ್‌ಫರ್ಟ್‌ನಲ್ಲಿರುವ ತನ್ನ ಸೋದರತ್ತೆಯ ಮಗನಿಗೆ ಕೆಲಸ ವಹಿಸಿದಳು. ಅವನು ಕಚೇರಿಯ ಎಂಟು ಹತ್ತು ಜನರನ್ನು ಕೇಳಿ, ‘ಎಲ್ಲರೂ ಚೆನ್ನಾಗಿ ಹೇಳುತ್ತಾರೆ, ಇಷ್ಟವೂ ಆಗಿದೆ’ ಎಂದು ತಿಳಿಸಿದ. ನಾವು ನಿರಾಳವಾದೆವು. ಹೇಗೆ ಕೇಳಿದೆ ಎಂದು ವಿಚಾರಿಸಿದಾಗ ವಿಷಯ ಹೊರಬಿತ್ತು. ಅವನು ಮೊದಲು ತಾನೇ ‘ಹೂಮಳೆ’ ಎಂದು ಹೇಳಿ ತೋರಿಸಿ, ಅರ್ಥ ಬಿಡಿಸಿ, ಆಮೇಲೆ ‘ಹೇಗಿದೆ?’ ಎಂದು ಕೇಳಿದ್ದ.

ಕೇಳಿಸಿಕೊಂಡು ತಿರುಗಿ ಹೇಳುವುದು ಯಾರಿಗಾದರೂ ಆಗುತ್ತದೆ. ಆದರೆ ಹೊರದೇಶದ ಗಿರಾಕಿಯ ಮುಂದೆ ಯಜಮಾನರು ನಿಂತು ಉಚ್ಚರಿಸಿ ತೋರಿಸುವುದಿಲ್ಲ, ಅವನಿಗೆ ಸಿಗುವುದು ಬರೆದ ಏಳು ಅಕ್ಷರಗಳು ಮಾತ್ರ. ಇನ್ನು ಸಹೋದ್ಯೋಗಿಯೊಬ್ಬ ತನ್ನ ಮನೆಯ ತೋಟದ ಹೆಸರು ಹೇಗಿದೆ ಎಂದರೆ ಚೆನ್ನಾಗಿಲ್ಲ ಎನ್ನುವ ಮನುಷ್ಯ ಯಾವ ದೇಶದಲ್ಲೂ ವಿರಳ. ಕಲಿಸಿ ಕೇಳಿದ್ದು ಒಂದು ತಪ್ಪು, ಇಷ್ಟವಾಯಿತೇ ಎಂದು ಕೇಳಿದ್ದು ಇನ್ನೊಂದು. ಆ ಪರೀಕ್ಷೆಯನ್ನು ಪೂರ್ತಿ ಬದಿಗಿಟ್ಟೆವು.

ಎರಡನೆಯ ಪರೀಕ್ಷೆ

ಈ ಸಲ ಕ್ರಮವನ್ನು ಬರೆದಿಟ್ಟುಕೊಂಡೆವು. ಪ್ರತಿ ದೇಶದಲ್ಲಿ ಅಲ್ಲಿಯೇ ಹುಟ್ಟಿ ಬೆಳೆದ, ಆ ಭಾಷೆಯನ್ನೇ ಮನೆಯಲ್ಲಿ ಆಡುವ ನಾಲ್ಕೈದು ಜನ. ನಮ್ಮಿಂದ ಕೊಳ್ಳುವವರು ಬೇಡ, ಏಕೆಂದರೆ ಅವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಕೇಳುವವರು ತಾವು ಮೊದಲು ಹೆಸರನ್ನು ಬಾಯಿಬಿಟ್ಟು ಹೇಳಲೇಬಾರದು.

ಮೊದಲು ಚೀಟಿಯ ಚಿತ್ರ ತೋರಿಸಿ, ‘ಕಾಫಿ ಅಂಗಡಿಯಲ್ಲಿ ಇದನ್ನು ಕೇಳಿ ಪಡೆಯುವ ಹಾಗೆ ಒಂದು ವಾಕ್ಯ ಹೇಳಿ’ ಎಂದು ಧ್ವನಿ ಮುದ್ರಿಸಿಕೊಳ್ಳಬೇಕು. ಬರೀ ಹೆಸರನ್ನು ಓದಿಸಿದರೆ ಜನ ನಿಧಾನವಾಗಿ, ಪಾಠ ಒಪ್ಪಿಸುವಂತೆ ಓದುತ್ತಾರೆ. ವಾಕ್ಯದೊಳಗೆ ಬಂದಾಗ ಮಾತ್ರ ನಾಲಗೆ ಎಲ್ಲಿ ಎಡವುತ್ತದೆ ಎಂಬುದು ಕೇಳುತ್ತದೆ. ಅದಾದ ಮೇಲೆ ಈ ಶಬ್ದ ಕೇಳಿದರೆ ಏನು ನೆನಪಾಗುತ್ತದೆ ಎಂದು ಕೇಳಬೇಕು. ಚೆನ್ನಾಗಿದೆಯೇ ಎಂದು ಕೇಳಬಾರದು. ಮತ್ತೆ ಮಾರನೆಯ ದಿನ, ಚೀಟಿ ತೋರಿಸದೆ, ನಿನ್ನೆಯ ಕಾಫಿಯ ಹೆಸರನ್ನು ಬರೆದು ಕಳಿಸಲು ಹೇಳಬೇಕು. ಇದಿಷ್ಟೇ. ನಾಲ್ಕೈದು ಜನರಿಂದ ಮಾರುಕಟ್ಟೆಯ ಒಲವು ತಿಳಿಯುವುದಿಲ್ಲ, ಅದು ನಮಗೆ ಬೇಕಾಗಿಯೂ ಇರಲಿಲ್ಲ. ಒಂದು ಹೆಸರಿನಲ್ಲಿ ದೊಡ್ಡ ಮುಳ್ಳೇನಾದರೂ ಇದ್ದರೆ ಅಷ್ಟು ಜನರಲ್ಲಿಯೇ ಚುಚ್ಚುತ್ತದೆ.

ಧ್ವನಿಗಳೆಲ್ಲ ಬಂದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕುಳಿತು, ಮೊಬೈಲನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಕೇಳಿದೆವು. ಇಂಗ್ಲೆಂಡಿನವರು ‘ಹೂ-ಮೇಲ್’ ಎಂದರು. ಇಂಗ್ಲಿಷಿನಲ್ಲಿ male ಎಂಬ ನಾಲ್ಕು ಅಕ್ಷರ ಕಂಡರೆ ಕೊನೆಯ e ಬಾಯಿಗೆ ಬರುವುದೇ ಇಲ್ಲ, ಗಂಡು ಎಂಬ ಅರ್ಥದ ಆ ಪದವೇ ಕಣ್ಣಿಗೆ ಹೊಡೆಯುತ್ತದೆ. ಜರ್ಮನರು ‘ಹೋಮಾಲೆ’ ಎಂದರು, ಅವರ ಭಾಷೆಯಲ್ಲಿ oo ಎಂದರೆ ದೀರ್ಘ ಓ. ಜಪಾನಿನವರಲ್ಲಿ ‘ಫೂಮರೆ’ ಎಂದು ಬಂತು. ಅವರಿಗೆ ಹು ಮತ್ತು ಫು ಬೇರೆಯಲ್ಲ, ಲ ಮತ್ತು ರ ಬೇರೆಯಲ್ಲ. ನಮ್ಮ ಳ ಅಂತೂ ಎಲ್ಲಿಯೂ ಉಳಿಯಲಿಲ್ಲ. ಜಪಾನಿನವರಲ್ಲೊಬ್ಬರು ಮೊದಲ ಸ್ವರವನ್ನು ಗಿಡ್ಡ ಮಾಡಿಬಿಟ್ಟರೆ ಅದು ತುಳಿಸಿಕೊಳ್ಳುವುದು ಎಂಬ ಕ್ರಿಯಾಪದದ ರೂಪವಾಗುತ್ತದೆ ಎಂದು ಸಂಕೋಚದಿಂದ ಸೇರಿಸಿದ್ದರು.

ಇಟಲಿಯವರ ಧ್ವನಿ ಕೊನೆಗೆ ಬಂತು. ಮೊದಲನೆಯವರು ವಾಕ್ಯವನ್ನು ಸರಾಗವಾಗಿ ಶುರುಮಾಡಿ, ಹೆಸರಿನ ಮುಂದೆ ತಡೆದರು. ಒಂದು, ಎರಡು ಸೆಕೆಂಡು ಮೌನ. ಆಮೇಲೆ ‘ಓ ಮಾಲೆ’ ಎಂದರು. ಇಟಾಲಿಯನ್ನಿನಲ್ಲಿ h ಕೇಳಿಸುವುದಿಲ್ಲ. male ಎಂದರೆ ಕೆಟ್ಟದ್ದು, ನೋವು. ಓ ಎಂದು ಉಚ್ಚರಿಸುವ ho ಎಂದರೆ ನನಗೆ ಇದೆ ಎಂದರ್ಥ. ಎರಡನೆಯವರೂ ಅದೇ ಜಾಗದಲ್ಲಿ ತಡೆದರು. ಏನು ನೆನಪಾಗುತ್ತದೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ: ಮೈಗೆ ಹುಷಾರಿಲ್ಲದವರು ಆಡುವ ಮಾತಿನಂತಿದೆ.

ಯಜಮಾನರು ಆ ತುಣುಕನ್ನು ಮತ್ತೊಮ್ಮೆ ಹಾಕಲು ಹೇಳಿದರು. ‘ಮಗಾ’ ಎಂದು ಕರೆದು ಸದಾ ಗದರುವಂತೆ ಮಾತನಾಡುವ ಅವರು ಅಂದು ತಗ್ಗಿದ ದನಿಯಲ್ಲಿ ಮಗಳಿಗೆ ಹೇಳಿದ್ದಿಷ್ಟು: ‘ಇದರಲ್ಲಿ ಅವರ ತಪ್ಪೇನೂ ಇಲ್ಲ.’

ಬರವಣಿಗೆ ತಿದ್ದಿ ನೋಡಿದ್ದು

ಹೆಸರನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ರೋಮನ್ ಬರವಣಿಗೆಯನ್ನು ಬದಲಿಸಿದರೆ ಸರಿಹೋದೀತು ಎಂದುಕೊಂಡೆವು. ಇಲ್ಲಿ ಎರಡು ವಾರ ಕಳೆದೆವು. ಜರ್ಮನರಿಗಾಗಿ Humale ಎಂದು ಬರೆದರೆ ಅವರು ‘ಹು’ ಎಂದು ಸರಿಯಾಗಿ ಹೇಳಿದರು, ಆದರೆ ಇಂಗ್ಲಿಷರು ಮನುಷ್ಯ ಎಂಬ ತಮ್ಮ ಪದದ ಜಾಡು ಹಿಡಿದು ‘ಹ್ಯೂಮೇಲ್’ ಎಂದರು. ಕೊನೆಯ ಎ ಕೇಳಿಸಲೆಂದು Hoomalay ಎಂದು ಬರೆದರೆ ಕೆಲವರಿಗೆ ಹಿಮಾಲಯ, ಕೆಲವರಿಗೆ ಮಲಯ ನಾಡು ನೆನಪಾಯಿತು. ಚಿಕ್ಕಮಗಳೂರಿನ ಕಾಫಿಗೆ ಅದು ಬೇರೆ ಊರಿನ ಸುಳ್ಳು ವಿಳಾಸ ಕೊಟ್ಟಂತೆ. ಇಟಾಲಿಯನ್ನಿನ male ಅಂತೂ ಹೇಗೆ ಬರೆದರೂ ಕಿವಿಗೆ ಬೀಳುತ್ತಲೇ ಇತ್ತು. ಒಂದು ದೇಶಕ್ಕೆ ತೇಪೆ ಹಾಕಿದರೆ ಇನ್ನೊಂದು ದೇಶದಲ್ಲಿ ಹರಿಯುತ್ತಿತ್ತು. ಒಂದೊಂದು ದೇಶಕ್ಕೆ ಒಂದೊಂದು ಬರವಣಿಗೆ ಇಡಬಹುದಲ್ಲ ಎಂದು ಮಗಳು ಕೇಳಿದಳು. ಚೀಲದ ಗುರುತು, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿಗಳಲ್ಲಿ ಹೆಸರು ಬೇರೆಬೇರೆಯಾದರೆ ಬಂದರಿನಲ್ಲಿ ಅದಕ್ಕೆ ಉತ್ತರ ಹೇಳುವವನು ನಾನು. ಅದನ್ನು ನಾನು ಒಪ್ಪಲಿಲ್ಲ.

ಮಗಳದ್ದೇ ಇನ್ನೊಂದು ವಾದವಿತ್ತು, ಅದು ಹಗುರವಾದದ್ದಲ್ಲ. ಇಥಿಯೋಪಿಯಾದ ಯಿರ್ಗಾಚೆಫೆ ಸುಲಭದ ಹೆಸರೇ? ಅದನ್ನು ಜಗತ್ತೆಲ್ಲ ಕಲಿಯಲಿಲ್ಲವೇ? ಕಲಿತಿದೆ, ನಿಜ. ಆದರೆ ಅದು ಒಂದು ಸೀಮೆಯ ಹೆಸರು. ದಶಕಗಳಿಂದ ಅಸಂಖ್ಯ ವ್ಯಾಪಾರಿಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿದ್ದಾರೆ, ಕೊಂಡವರಿಗೆ ಕಲಿಯಲು ಕಾರಣವಿತ್ತು. ನಮಗೂ ಅಂಥ ಸೀಮೆಯ ಹೆಸರುಗಳಿವೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಅವು ಎಷ್ಟೇ ಉದ್ದವಾಗಿದ್ದರೂ ಚೀಲದ ಮೇಲೆ ಇರಬೇಕು, ಜನ ಅದನ್ನು ಕಲಿಯಲಿ ಎಂದು ಪಟ್ಟುಹಿಡಿಯಬಹುದು, ಏಕೆಂದರೆ ಅದನ್ನು ಹೇಳಿಕೊಡುವ ಬಾಯಿಗಳು ಬಹಳ. ವರ್ಷಕ್ಕೆ ಕೆಲವೇ ಚೀಲ ಕಳಿಸುವ ಒಂದು ತೋಟದ ಹೆಸರಿಗೆ ಆ ಬೆಂಬಲವಿಲ್ಲ. ಎರಡು ಕಷ್ಟದ ಹೆಸರುಗಳನ್ನು ಒಂದೇ ಚೀಲದ ಮೇಲೆ ಹೊರಿಸಿದರೆ ಮೊದಲು ಬಿದ್ದುಹೋಗುವುದು ತೋಟದ್ದು.

ಬದಲಿ ಹೆಸರುಗಳು

ಮನೆಯವರು ಒಂದು ಪಟ್ಟಿ ಮಾಡಿದರು. ಚಿಕ್ಕದಾಗಿರಬೇಕು, ಮಹಾಪ್ರಾಣ ಬೇಡ, ಳ ಣ ಬೇಡ, ತೋಟಕ್ಕೆ ಸಂಬಂಧಪಟ್ಟಿರಬೇಕು. ಉಚ್ಚಾರಣೆ ಸುಲಭವಾದರೆ ಸಾಕು ಎಂದು ಆಗ ನಂಬಿದ್ದೆವು. ಸುಲಭವಾದ ಹೆಸರೇ ಹೆಚ್ಚು ಅಪಾಯದ್ದು ಎಂದು ತಿಳಿದದ್ದು ಇಲ್ಲಿ, ಏಕೆಂದರೆ ಎರಡು ಅಕ್ಷರದ ಸರಳ ಶಬ್ದ ಯಾವುದಾದರೊಂದು ಭಾಷೆಯಲ್ಲಿ ಆಗಲೇ ಇನ್ನೇನೋ ಆಗಿರುತ್ತದೆ.

‘ಹನಿ’ ಎಲ್ಲರ ಬಾಯಲ್ಲೂ ಸಲೀಸಾಗಿ ಬಂತು. ಆದರೆ ಕಾಫಿಯ ವ್ಯಾಪಾರದಲ್ಲಿ ‘ಹನಿ’ ಎಂದರೆ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆಯದೆ ಒಣಗಿಸುವ ಒಂದು ಸಂಸ್ಕರಣೆ. ಇಂಗ್ಲಿಷಿನ ಜೇನಿನಿಂದ ಬಂದ ಮಾತು. ತೊಳೆದು ಒಣಗಿಸಿದ ನಮ್ಮ ಕಾಫಿಗೆ ಆ ಹೆಸರಿಟ್ಟರೆ ಕೊಂಡವನು ಮೋಸವೆಂದು ತಿಳಿದಾನು. ಅದನ್ನು ಹೊಡೆದುಹಾಕಿದೆವು. ‘ಸಿರಿ’ಯನ್ನು ಜಪಾನಿನವರು ‘ಶಿರಿ’ ಎನ್ನುತ್ತಾರೆ, ಅವರಲ್ಲಿ ಅದು ಪೃಷ್ಠ. ‘ಮುಗಿಲು’ ನನಗೆ ಬಹಳ ಹಿಡಿಸಿತ್ತು. ಜಪಾನಿಯಲ್ಲಿ ‘ಮುಗಿ’ ಎಂದರೆ ಬಾರ್ಲಿ. ಬೇರೆ ವಸ್ತುವಾಗಿದ್ದರೆ ಇದು ಅಡ್ಡಿಯಲ್ಲ. ಆದರೆ ಹುರಿದ ಬಾರ್ಲಿಯನ್ನು ಕಾಫಿಗೆ ಬದಲಾಗಿ ಕುಡಿಯುವುದುಂಟು, ಜಪಾನಿನಲ್ಲಿ ಹುರಿದ ಬಾರ್ಲಿಯ ಚಹಾ ಮನೆಮನೆಯಲ್ಲಿದೆ. ಕಾಫಿ ಬೀಜದ ಪೊಟ್ಟಣದ ಮೇಲೆ ಬಾರ್ಲಿ ಎಂದು ಕೇಳಿಸುವ ಹೆಸರು ಕಲಬೆರಕೆಯ ಸಂಶಯ ಹುಟ್ಟಿಸುತ್ತದೆ. ಅರ್ಥ ಕೆಟ್ಟದ್ದೋ ಒಳ್ಳೆಯದೋ ಎಂದು ನೋಡಿದರೆ ಸಾಲದು, ಈ ಸರಕಿನ ಪಕ್ಕದಲ್ಲಿ ಆ ಅರ್ಥ ಏನು ಮಾಡುತ್ತದೆ ಎಂದು ನೋಡಬೇಕು.

ಕೊನೆಗೆ ಉಳಿದದ್ದು ‘ಅಬ್ಬಿ’. ತೋಟದ ಮೇಲ್ಭಾಗದಲ್ಲಿ ಬಂಡೆಯಿಂದ ಇಳಿಯುವ ನೀರಿಗೆ ಮನೆಯವರು ಹಾಗೆಯೇ ಕರೆಯುತ್ತಾರೆ, ಮಲೆನಾಡಿನಲ್ಲಿ ಇಂಥ ನೀರಿಗೆಲ್ಲ ಅದೇ ಹೆಸರು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ, ತೊಟ್ಟಿಗೆ ಬರುವ ನೀರೂ ಅದರದ್ದೇ. Abbi ಎಂದು ತೋರಿಸಿದಾಗ ಎಲ್ಲ ದೇಶದವರೂ ತಡೆಯದೆ ಹೇಳಿದರು. ಇಂಗ್ಲಿಷರು, ಜರ್ಮನರು ಒತ್ತಕ್ಷರವನ್ನು ನುಂಗಿ ‘ಆಬಿ’ಯ ಹತ್ತಿರ ಹೋದರು. ಜಪಾನಿಯಲ್ಲೂ ಇಟಾಲಿಯನ್ನಿನಲ್ಲೂ ಒತ್ತು ಹಿಡಿಯುವ ರೂಢಿ ಇರುವುದರಿಂದ ಅವರಲ್ಲಿ ಒತ್ತು ಉಳಿಯಿತು. ಇಟಾಲಿಯನ್ನಿನಲ್ಲಿ abbi ಎಂಬುದು ‘ಇರಲಿ’ ಎಂಬಂಥ ಮಾತು, ತಾಳ್ಮೆ ಇರಲಿ ಎನ್ನುವಾಗ ಬರುವಂಥದ್ದು. ಇಂಗ್ಲೆಂಡಿನವರಿಗೆ ಒಂದು ಹೆಣ್ಣುಮಗಳ ಹೆಸರು, ಇಲ್ಲವೇ ಹಳೆಯ ಕ್ರೈಸ್ತ ಮಠ ನೆನಪಾಯಿತು. ಜರ್ಮನರಿಗೆ ಶಾಲೆಯ ಕೊನೆಯ ಪರೀಕ್ಷೆ. ಯಾವುದೂ ಕಾಫಿಗೆ ಪೆಟ್ಟು ಕೊಡುವಂಥದ್ದಲ್ಲ. ಮಾರನೆಯ ದಿನ ಬರೆದು ಕಳಿಸಿದವರಲ್ಲಿ ಕೆಲವರು ಒಂದು ಬಿ ಬಿಟ್ಟಿದ್ದರು, ಕೆಲವರು ಕೊನೆಯಲ್ಲಿ ವೈ ಹಾಕಿದ್ದರು. ಆದರೆ ಎಲ್ಲರಿಗೂ ನೆನಪಿತ್ತು.

ಇಲ್ಲಿ ಒಂದು ತೊಡಕು ಎದ್ದಿತು. ಇಷ್ಟು ಸಲೀಸಾದ ಹೆಸರು ಖಾಲಿ ಸಿಗುವುದಿಲ್ಲ. ಟ್ರೇಡ್‌ಮಾರ್ಕಿನ 30ನೆಯ ವರ್ಗದಲ್ಲಿ ಕಾಫಿ ಬರುತ್ತದೆ. ಚಹಾ, ಬಿಸ್ಕತ್ತು, ಸಿಹಿತಿಂಡಿಗಳೂ ಅದರಲ್ಲೇ ಇವೆ. ಅಲ್ಲಿ ಅಕ್ಷರ ಬೇರೆಯಾದರೂ ಕಿವಿಗೆ ಒಂದೇ ಥರ ಕೇಳಿಸುವ ಹೆಸರುಗಳು ಅಡ್ಡ ಬರುತ್ತವೆ. ನಾವು ಸಲಹೆ ಕೇಳಿದ ವಕೀಲರು ಬರೀ ‘ಅಬ್ಬಿ’ ನಿಲ್ಲುವುದು ಕಷ್ಟ ಎಂದರು. ಅದಕ್ಕಾಗಿ ಮನೆತನದ ಇನ್ನೊಂದು ಪದವನ್ನು ಸೇರಿಸಿ, ಕನ್ನಡದ ‘ಅಬ್ಬಿ’ಯನ್ನು ಒತ್ತಕ್ಷರ ಎದ್ದು ಕಾಣುವಂತೆ ಗುರುತಾಗಿ ಬರೆಸಿ, ಎರಡನ್ನೂ ಒಟ್ಟಾಗಿ ಅರ್ಜಿಗೆ ಕೊಟ್ಟೆವು. ಆ ಇನ್ನೊಂದು ಪದವನ್ನು ಇಲ್ಲಿ ಬಿಟ್ಟಿದ್ದೇನೆ. ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ 2013ರಿಂದ ಭಾರತವೂ ಇರುವುದರಿಂದ ಇಲ್ಲಿನ ಅರ್ಜಿಯನ್ನೇ ಆಧಾರವಾಗಿಟ್ಟು ಬೇರೆ ದೇಶಗಳನ್ನು ಸೇರಿಸಬಹುದು. ಆದರೆ ಮೊದಲ ಐದು ವರ್ಷ ಇಲ್ಲಿನ ಅರ್ಜಿ ಬಿದ್ದರೆ ಅಲ್ಲಿನದೂ ಬೀಳುತ್ತದೆ. ಆದ್ದರಿಂದ ಇಲ್ಲಿನದು ಗಟ್ಟಿಯಾಗಿರಬೇಕು.

ಏನಾಯಿತು

ಮರುವರ್ಷದ ಸುಗ್ಗಿಗೆ ಹೊಸ ಚೀಟಿ ಹೋಯಿತು. ಮಾರಾಟ ಎಷ್ಟು ಹೆಚ್ಚಿತು ಎಂದು ಕೇಳುವವರಿಗೆ ನನ್ನಲ್ಲಿ ನೇರ ಉತ್ತರವಿಲ್ಲ. ಆ ವರ್ಷ ಕಾಫಿಯ ದರವೂ ಬದಲಾಗಿತ್ತು, ನಮ್ಮ ಒಣಗಿಸುವ ಕ್ರಮವೂ ಸುಧಾರಿಸಿತ್ತು, ಹೆಸರಿನ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ನಾನು ನೋಡಿದ್ದು ಒಂದನ್ನೇ: ಪತ್ರಗಳಲ್ಲಿ ಹೆಸರು ಬಂತೇ? ಜರ್ಮನಿಯ ಇಬ್ಬರು, ಇಟಲಿಯವರು, ಇಂಗ್ಲೆಂಡಿನವರು ಮೊದಲ ಪತ್ರದಿಂದಲೇ ‘ಅಬ್ಬಿ’ ಎಂದು ಬರೆಯತೊಡಗಿದರು. ಹೊಸಬರೊಬ್ಬರು ‘ಯಾರದೋ ಅಂಗಡಿಯಲ್ಲಿ ಅಬ್ಬಿ ಕುಡಿದೆ’ ಎಂದು ತಾವಾಗಿಯೇ ಮಾದರಿ ಕೇಳಿದರು. ‘ಹೂಮಳೆ’ಯ ಕಾಲದಲ್ಲಿ ಅಂಥ ಪತ್ರ ಒಂದೂ ಬಂದಿರಲಿಲ್ಲ. ಜಪಾನಿನ ಆಮದುದಾರರು ಮಾತ್ರ ಈಗಲೂ ಲಾಟು ಸಂಖ್ಯೆಯನ್ನೇ ಬರೆಯುತ್ತಾರೆ. ಅದು ಅವರ ಶಿಸ್ತು, ಯಾವ ಹೆಸರಿಟ್ಟರೂ ಹಾಗೆಯೇ ಬರೆಯುತ್ತಿದ್ದರು.

‘ಹೂಮಳೆ’ ಹೋಗಲಿಲ್ಲ. ಚಿಕ್ಕಮಗಳೂರು, ಬೆಂಗಳೂರಿನಲ್ಲಿ ಮಾರುವ ಹುರಿದ ಪುಡಿಗೆ ಅದೇ ಹೆಸರಿದೆ. ಹೊರದೇಶಕ್ಕೆ ಹೋಗುವ ಮಾದರಿ ಪೊಟ್ಟಣದ ಹಿಂಬದಿಯಲ್ಲಿ ಆ ವರ್ಷದ ಹೂಮಳೆ ಯಾವ ದಿನ ಬಿತ್ತು ಎಂದು ಒಂದು ಸಾಲು ಬರೆಯುವುದನ್ನು ಮಗಳು ರೂಢಿ ಮಾಡಿಕೊಂಡಿದ್ದಾಳೆ. ಆ ದಿನವನ್ನು ತಂದೆಯ ಮಳೆ ಪುಸ್ತಕದಿಂದ ತೆಗೆಯುತ್ತಾಳೆ.

ಕಳೆದ ಮಾಘದಲ್ಲಿ ಇಟಲಿಯ ರೋಸ್ಟರು ಒಂದು ಧ್ವನಿ ಸಂದೇಶ ಕಳಿಸಿದ್ದರು, ಸಾಗಣೆಯ ದಿನ ಕೇಳಲು. ಯಜಮಾನರು ಕಣದಲ್ಲಿ ನಿಂತು ಪಾರ್ಚ್‌ಮೆಂಟ್ ತಿರುವಿಸುತ್ತಿದ್ದರು. ಮಗಳು ಅಲ್ಲಿಗೇ ಹೋಗಿ ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದಳು. ಭಾಷೆ ಅವರಿಗೆ ತಿಳಿಯದು. ಹೆಸರು ಬಂದ ಕಡೆ ಕೈ ಎತ್ತಿ ನಿಲ್ಲಿಸಿ, ಮತ್ತೊಮ್ಮೆ ಹಾಕಿಸಿದರು.

‘ಒತ್ತು ಸರಿಯಾಗಿ ಬಿದ್ದಿದೆ’ ಎಂದು ಹೇಳಿ ಮತ್ತೆ ಕುಂಟೆ ಹಿಡಿದರು.